ಪಿಎಸ್‌ಐ ಪರೀಕ್ಷೆಗೆ ಧಾರವಾಡವೋ, ನಮ್ಮೂರೋ?

"ಅಣ್ಣಾ, ಪಿಎಸ್‌ಐಗೆ ಓದ್ಬೇಕು ಅಂತಿದ್ದೀನಿ. ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರ್ಲಾ, ಇಲ್ಲೇ ಇದ್ದು ಯೂಟ್ಯೂಬ್ ಕ್ಲಾಸ್ ನೋಡ್ಕೊಂಡು ಓದ್ಲಾ?"

ಎರಡನೇ ಪೇಪರ್‌ಗೆ ಊರೇ ಸಾಕು. ಮೊದಲನೇ ಪೇಪರ್‌ಗೆ ಯೂಟ್ಯೂಬ್ ಸಾಲದು.

ಎರಡನೇ ಪೇಪರ್ ಅಂದರೆ 150 ಅಂಕದ ಸಾಮಾನ್ಯ ಜ್ಞಾನ ಮತ್ತು ಮಾನಸಿಕ ಸಾಮರ್ಥ್ಯ. ನಾಲ್ಕು ಆಯ್ಕೆ, ಓಎಂಆರ್ ಶೀಟು, ತಪ್ಪಾದರೆ ಅಂಕ ಕಡಿತ. ಇದಕ್ಕೆ ಬೇಕಾದ ಇತಿಹಾಸ, ಭೂಗೋಳ, ಸಂವಿಧಾನ ಎಲ್ಲಾ ಕನ್ನಡದಲ್ಲೇ ಪುಕ್ಕಟೆ ಸಿಗುತ್ತದೆ. ಆರರಿಂದ ಹತ್ತನೇ ತರಗತಿವರೆಗಿನ ಸಮಾಜ ವಿಜ್ಞಾನದ ಪಠ್ಯಪುಸ್ತಕಗಳನ್ನು ಸರ್ಕಾರವೇ ಪಿಡಿಎಫ್ ಮಾಡಿ ಹಾಕಿದೆ. ಇನ್ನೂರು ಜನ ಕೂತ ಹಾಲ್‌ನಲ್ಲಿ ಮೈಕ್ ಹಿಡಿದು ಹೇಳುವ ಪಾಠಕ್ಕೂ ಮೊಬೈಲ್‌ನಲ್ಲಿ ನೋಡುವ ಪಾಠಕ್ಕೂ ಹೆಚ್ಚೇನೂ ವ್ಯತ್ಯಾಸ ಇಲ್ಲ. ಮೊಬೈಲ್‌ನಲ್ಲಾದರೆ ಹಿಂದಕ್ಕೆ ಹಾಕಿ ಇನ್ನೊಮ್ಮೆ ಕೇಳಬಹುದು. ಒಂದೇ ಎಚ್ಚರ: ವಿಡಿಯೋ ಮುಗಿದ ತಕ್ಷಣ ಮೊಬೈಲ್ ಆಚೆ ಇಟ್ಟು, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಒಂದು ಗಂಟೆ ಪಾಠ ಕೇಳಿ ನಾಲ್ಕು ಸಾಲೂ ಬರಲಿಲ್ಲ ಅಂದರೆ ನೀವು ಓದಿಲ್ಲ, ಸುಮ್ನೆ ನೋಡಿದ್ದೀರಿ.

ಮೊದಲನೇ ಪೇಪರ್ ಬೇರೆಯೇ ಕಥೆ. 50 ಅಂಕ, ಪೂರ್ತಿ ಬರವಣಿಗೆ: ಪ್ರಬಂಧಕ್ಕೆ 20, ಸಾರಾಂಶಕ್ಕೆ 10, ಅನುವಾದಕ್ಕೆ 20. ಸಮಯ ಒಂದೂವರೆ ಗಂಟೆ. ಪ್ರಬಂಧ ಸುಮಾರು 600 ಪದ ಇರಬೇಕು. ಕನ್ನಡದಲ್ಲಿ ಯೋಚಿಸುತ್ತಾ ಬರೆದರೆ ನಿಮಿಷಕ್ಕೆ ಹನ್ನೆರಡು ಪದ ಅಂತಿಟ್ಟುಕೊಳ್ಳಿ, ಅದೊಂದಕ್ಕೇ 50 ನಿಮಿಷ ಹೋಯಿತು. ಉಳಿದ 40 ನಿಮಿಷದಲ್ಲಿ ಸಾರಾಂಶವೂ ಆಗಬೇಕು, ಅನುವಾದವೂ ಆಗಬೇಕು. ಈ ಲೆಕ್ಕ ಬರೆದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ನಮ್ಮೂರ ಹುಡುಗನೊಬ್ಬ ಸೈಬರ್ ಅಪರಾಧದ ಮೇಲೆ ಬರೆದ ಪ್ರಬಂಧ ತಂದು ತೋರಿಸಿದ್ದ. ಅಕ್ಷರ ದುಂಡಗಿತ್ತು, ಕಾಗುಣಿತ ತಪ್ಪು ಅಷ್ಟೇನೂ ಇರಲಿಲ್ಲ. ಆದರೆ ಮೊದಲ ಪುಟ ಪೂರ್ತಿ ಇಂಟರ್‌ನೆಟ್ ಬೆಳೆದ ಕಥೆ. ಓಟಿಪಿ ಕೇಳಿ ದುಡ್ಡು ಎಗರಿಸುವುದು ಎರಡನೇ ಪುಟದ ನಡುವೆ ಬಂತು. ಪೊಲೀಸರು ಏನು ಮಾಡಬೇಕು ಅನ್ನುವುದಕ್ಕೆ ಕೊನೆಯಲ್ಲಿ ಮೂರೇ ಸಾಲು, ದುಡ್ಡು ಕಳೆದುಕೊಂಡವರು ತಕ್ಷಣ ಕರೆ ಮಾಡಬೇಕಾದ 1930 ಸಹಾಯವಾಣಿಯ ಸುದ್ದಿಯೇ ಇಲ್ಲ. ಸಬ್ ಇನ್‌ಸ್ಪೆಕ್ಟರ್ ಆಗಹೊರಟವನ ಪ್ರಬಂಧ ಇದು! "ಪ್ರಬಂಧ ಬರೆಯೋದು ಹೇಗೆ" ಅನ್ನೋ ವಿಡಿಯೋಗಳನ್ನು ಅವನು ರಾಶಿ ನೋಡಿದ್ದ. ಆದರೆ ಅವನ ಹಾಳೆಯನ್ನು ಆ ವಿಡಿಯೋ ಮಾಡಿದವರು ಯಾರೂ ನೋಡಿರಲಿಲ್ಲ, ಅಲ್ವಾ? ಸಾರಾಂಶದಲ್ಲೂ ಹೀಗೇ. ಕೊಟ್ಟ ಭಾಗವನ್ನು ಸ್ವಂತ ಮಾತಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸುವ ಬದಲು, ಅದರಲ್ಲಿನ ಸಾಲುಗಳನ್ನೇ ಆರಿಸಿ ಜೋಡಿಸಿರುತ್ತಾರೆ. ಬರೆದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಹಾಗಾಗಿ ನೀವು ದುಡ್ಡು ಕೊಟ್ಟು ಪಡೆಯಬೇಕಾದದ್ದು ಪಾಠ ಅಲ್ಲ, ತಿದ್ದುವ ಕೈ. ಅದು ಊರಲ್ಲೇ ಸಿಗಬಹುದು. ನಿವೃತ್ತ ಕನ್ನಡ ಮೇಷ್ಟ್ರು, ಇಂಗ್ಲಿಷ್ ಚೆನ್ನಾಗಿ ಬರುವ ಕಾಲೇಜು ಲೆಕ್ಚರರ್, ಇಬ್ಬರನ್ನು ಹಿಡಿದುಕೊಂಡರೆ ಅನುವಾದವೂ ಸೇರಿ ಮೂರೂ ಆಗುತ್ತದೆ. ವಾರಕ್ಕೊಮ್ಮೆ ಗಡಿಯಾರ ಇಟ್ಟುಕೊಂಡು ಪೂರ್ತಿ ಪೇಪರ್ ಬರೆದು ಅವರಿಗೆ ಕೊಡಿ, ತಿದ್ದಿದ ಮೇಲೆ ಅದೇ ವಿಷಯವನ್ನು ಇನ್ನೊಮ್ಮೆ ಬರೆಯಿರಿ.

ಧಾರವಾಡಕ್ಕೆ ಹೋಗಲೇಬೇಡಿ ಅಂತ ಅಲ್ಲ. ಮನೆಯಲ್ಲಿ ಕೂತು ಓದಲು ಜಾಗವೇ ಇಲ್ಲ, ಹೊತ್ತಿಲ್ಲದ ಹೊತ್ತಲ್ಲಿ ಅಂಗಡಿಗೆ, ಹೊಲಕ್ಕೆ ಕರೆಯುತ್ತಾರೆ ಅಂದರೆ ಸಪ್ತಾಪುರದಲ್ಲೊಂದು ರೂಮು, ಒಂದು ರೀಡಿಂಗ್ ರೂಮಿನ ಸೀಟು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಗಣಿತದ ಬುಡವೇ ಗಟ್ಟಿ ಇಲ್ಲದವರಿಗೂ ಎದುರಿಗೆ ಕೂರಿಸಿಕೊಂಡು ಹೇಳುವವರು ಬೇಕು. ಆದರೆ ಒಂದು ವಿಷಯ ನೆನಪಿರಲಿ: ಕೋಚಿಂಗ್ ಬ್ಯಾಚು ಕೆಲವೇ ತಿಂಗಳಿಗೆ ಮುಗಿಯುತ್ತದೆ, ಪರೀಕ್ಷೆ ಹಾಗಲ್ಲ. 545 ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆದು, ಅಕ್ರಮ ಬಯಲಾಗಿ ರದ್ದಾಗಿ, ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಬಾಡಿಗೆ, ಮೆಸ್ ಬಿಲ್ಲು ಕಟ್ಟಿಕೊಂಡು ಕೂರಲು ಎಷ್ಟು ಮನೆಗಳಿಗೆ ಆಗುತ್ತದೆ?

ಓಟದ ಬಗ್ಗೆಯೂ ಕೇಳುತ್ತಾರೆ. ಗಂಡಸರು 1600 ಮೀಟರನ್ನು ಏಳು ನಿಮಿಷದಲ್ಲಿ ಮುಗಿಸಬೇಕು. ಅದಕ್ಕೆ ತಾಲ್ಲೂಕು ಕ್ರೀಡಾಂಗಣ ಸಾಕು.

ಸೇರುವುದೇ ಆದರೆ ಫೀ ಕಟ್ಟುವ ಮುಂಚೆ ಕೌಂಟರ್‌ನಲ್ಲಿ ಒಂದು ಮಾತು ಕೇಳಿ: "ಹೋದ ಬ್ಯಾಚ್‌ನವರ ತಿದ್ದಿದ ಪ್ರಬಂಧ ಒಂದು ತೋರಿಸಿ." ಹೆಸರು ಮುಚ್ಚಿ ತೋರಿಸಿದರೂ ಸಾಕು. ಹಾಳೆಯ ಮೇಲೆ ಬರೀ ಅಂಕ, ಒಂದು ಸಹಿ ಇದ್ದರೆ ಅದು ತಿದ್ದಿದ್ದಲ್ಲ. ಯಾವ ಪ್ಯಾರಾ ಬೇಡವಾಗಿತ್ತು, ಏನು ಬಿಟ್ಟುಹೋಗಿದೆ ಅಂತ ಅಂಚಿನಲ್ಲಿ ಬರೆದಿದ್ದರೆ ಅಲ್ಲಿ ಸೇರಬಹುದು, ಅದೂ ಮೊದಲನೇ ಪೇಪರ್‌ನ ಟೆಸ್ಟ್ ಸೀರೀಸ್‌ಗೆ ಮಾತ್ರ.