ಪತ್ರದ ಕೊನೆಯಲ್ಲಿದ್ದ ‘ಬಿ’

ನಮ್ಮ ಗೇಮ್ ಅಂಗಡಿಯ ರಿಟರ್ನ್ ಡೆಸ್ಕಿಗೆ ಕಾಗದದ ಮೇಲೆ ಬರೆದ ಪತ್ರ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಮಿಕ್ಕವರೆಲ್ಲ ಫೋನಿನಲ್ಲಿ ಕೂಗಾಡುತ್ತಾರೆ, ಇಲ್ಲವೇ ಬಿಲ್ಲನ್ನು ಕೌಂಟರಿನ ಮೇಲೆ ಕುಕ್ಕಿ ನಿಲ್ಲುತ್ತಾರೆ. ಆದ್ದರಿಂದ ನಂಜನಗೂಡಿನಿಂದ ಅಂಚೆಯಲ್ಲಿ ಬಂದ ಆ ಪತ್ರವನ್ನು ನಾನು ಮರೆತಿಲ್ಲ. ಅದನ್ನು ಸರಿಯಾಗಿ ಓದಲಿಲ್ಲವೆಂಬುದನ್ನಂತೂ ಮರೆಯಲು ಸಾಧ್ಯವೇ ಇಲ್ಲ. ಬರೆದವರು ನಿವೃತ್ತ ಮುಖ್ಯೋಪಾಧ್ಯಾಯರು. ಅಕ್ಷರ ಮುತ್ತಿನಂತಿತ್ತು. ಪತ್ರದ ಒಕ್ಕಣೆ ಹೀಗಿತ್ತು:

“ಮಾನ್ಯರೇ, ಇದೇ ತಿಂಗಳ 8ರಂದು ತಮ್ಮ ಅಂಗಡಿಯಲ್ಲಿ ನನ್ನ ಮೊಮ್ಮಗನಿಗಾಗಿ ಫುಟ್‌ಬಾಲ್ ಆಟದ ಡಿಸ್ಕೊಂದನ್ನು 3,999 ರೂಪಾಯಿಗೆ ಖರೀದಿಸಿರುತ್ತೇನೆ. ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಮನೆಗೆ ಬಂದು ನೋಡಲಾಗಿ ಅದು ಪ್ಲೇಸ್ಟೇಷನ್ 4, ಅಂದರೆ ಪಿಎಸ್4 ಯಂತ್ರದ ಆವೃತ್ತಿಯೆಂದೂ ನಮ್ಮಲ್ಲಿರುವ ಯಂತ್ರ ಪಿಎಸ್5 ಎಂದೂ ತಿಳಿದುಬಂದಿತು. ಯಂತ್ರದ ಮೇಲಿನ ಚೀಟಿಯಲ್ಲಿ ಸಿಎಫ್‌ಐ-1208ಬಿ ಎಂದು ಬರೆದಿದೆ. ಕೊಳ್ಳುವಾಗ ನಾನು ಪಿಎಸ್5 ಎಂದೇ ಹೇಳಿದ್ದೆ. ‘ಎರಡರಲ್ಲೂ ನಡೆಯುತ್ತದೆ’ ಎಂದು ತಮ್ಮ ಸಿಬ್ಬಂದಿ ತಿಳಿಸಿದರು. ಪೊಟ್ಟಣದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿರುವುದಿಲ್ಲ. ವಸ್ತುವಿನಲ್ಲಿ ದೋಷವಿದೆಯೆಂಬುದು ನನ್ನ ದೂರಲ್ಲ. ಇದನ್ನು ಹಿಂಪಡೆದು ಪಿಎಸ್5 ಆವೃತ್ತಿಯನ್ನು ಕೊಡಬೇಕೆಂದು ವಿನಂತಿ. ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಭರಿಸಲು ಸಿದ್ಧನಿದ್ದೇನೆ. ಬರುವ ಶನಿವಾರ ಬೆಳಿಗ್ಗೆ ಡಿಸ್ಕಿನೊಂದಿಗೆ ಖುದ್ದಾಗಿ ಬರುತ್ತೇನೆ.”

ರಿಟರ್ನ್ ಡೆಸ್ಕಿನಲ್ಲಿ ಕುಳಿತವನಿಗೆ ಇದಕ್ಕಿಂತ ಒಳ್ಳೆಯ ಪತ್ರ ಸಿಗಲಾರದು. ಖರೀದಿಯ ದಿನಾಂಕವಿದೆ, ಬಿಲ್ಲಿದೆ, ಸೀಲಿನ ಸ್ಥಿತಿ ಇದೆ, ಮಾರುವಾಗ ನಮ್ಮ ಕಡೆಯವರು ಆಡಿದ ಮಾತಿದೆ, ಬೇಕಾದದ್ದೇನೆಂಬುದೂ ಇದೆ. ವಸ್ತುವಿನಲ್ಲಿ ದೋಷವಿಲ್ಲವೆಂದು ಅವರೇ ಬರೆದುಕೊಟ್ಟದ್ದು ಕೂಡ ಸಣ್ಣ ಸಂಗತಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಬಿಲ್ಲಿನಲ್ಲಿ ಗಡುವನ್ನು ನಮೂದಿಸದಿದ್ದರೆ 30 ದಿನಗಳೊಳಗೆ ಹಿಂಪಡೆಯಬೇಕೆಂಬ ಮಾತು ಇರುವುದು ದೋಷವಿರುವ ಸರಕಿಗೆ. ತಪ್ಪು ಕನ್ಸೋಲಿನ ಆವೃತ್ತಿಯನ್ನು ಕೊಂಡವರಿಗೆ ಅದರಿಂದ ನೇರವಾಗಿ ಸಿಗುವುದು ಕಡಿಮೆ. ಅಲ್ಲಿ ನಡೆಯುವುದು ಅಂಗಡಿಯ ಪಾಲಿಸಿ. ಆದರೆ ಮಾರಿದವನೇ ತಪ್ಪು ಮಾಹಿತಿ ಕೊಟ್ಟಿದ್ದರೆ ಮಾತು ಬೇರೆಯಾಗುತ್ತದೆ. ಮೇಷ್ಟ್ರು ಆ ವಾಕ್ಯವನ್ನು ಜಗಳಕ್ಕೆಂಬಂತೆ ಬರೆಯದೆ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದಂತೆ ಬರೆದಿದ್ದರು.

ನಮ್ಮ ಪಾಲಿಸಿ ಸರಳವಾದದ್ದು: ಏಳು ದಿನ, ಬಿಲ್ಲು, ಸೀಲ್. ಇವುಗಳಲ್ಲಿ ಸೀಲ್ ಮಾತ್ರ ದೇವರಿದ್ದಂತೆ. ಸೀಲ್ ಇರುವ ಡಿಸ್ಕ್ ಅದೇ ಎಸ್‌ಕೆಯು, ಅಂದರೆ ಸರಕಿನ ಸಂಖ್ಯೆಯ ಅಡಿಯಲ್ಲಿ ಮತ್ತೆ ರ‍್ಯಾಕಿಗೆ ಹೋಗುತ್ತದೆ. ಸೀಲ್ ಒಡೆದರೆ ಡಿಸ್ಟ್ರಿಬ್ಯೂಟರ್ ಆರ್‌ಟಿವಿಗೆ, ಅಂದರೆ ಸರಕನ್ನು ವಾಪಸ್ ಪಡೆಯಲು, ಒಪ್ಪುವುದಿಲ್ಲ, ಏಕೆಂದರೆ ಒಳಗೆ ಒಂದೇ ಸಲ ಬಳಸಬಹುದಾದ ಕೋಡ್ ಚೀಟಿ ಇರಬಹುದು, ಅದನ್ನು ಯಾರಾದರೂ ಬಳಸಿಕೊಂಡಿರಬಹುದು. ಮೇಲಾಗಿ ವಾರಾಂತ್ಯದಲ್ಲಿ ಆಟ ಮುಗಿಸಿ ಸೋಮವಾರ ಹಿಂತಿರುಗಿಸಲು ಬರುವ ಪುಣ್ಯಾತ್ಮರು ಎಲ್ಲ ಊರುಗಳಲ್ಲೂ ಇದ್ದಾರೆ. ಮೇಷ್ಟ್ರ ಡಿಸ್ಕಿಗೆ ಸೀಲ್ ಇತ್ತು, ಶನಿವಾರಕ್ಕೆ ಆರನೆಯ ದಿನ. ಬದಲಾಯಿಸಿ ಕೊಟ್ಟು ಕಳುಹಿಸಿದ್ದರೆ ಹತ್ತು ನಿಮಿಷದ ಕೆಲಸ.

ಆದರೆ ಪತ್ರ ಓದುವಾಗ ನನ್ನ ಕಣ್ಣು ‘ಪಿಎಸ್4 ಡಿಸ್ಕ್, ಪಿಎಸ್5 ಯಂತ್ರ’ ಎಂಬಲ್ಲಿಯೇ ನಿಂತುಬಿಟ್ಟಿತು, ಮತ್ತು ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿತ್ತು. ಪಿಎಸ್5 ಡಿಸ್ಕನ್ನು ಪಿಎಸ್4ಗೆ ಹಾಕಿದರೆ ಓಡುವುದಿಲ್ಲ. ಆ ಡಿಸ್ಕ್ ಅಲ್ಟ್ರಾ ಎಚ್‌ಡಿ ಬ್ಲೂ–ರೇ ಬಗೆಯದು, ಹಳೆಯ ಡ್ರೈವ್ ಅದನ್ನು ಓದಲಾರದು. ಆದರೆ ಪಿಎಸ್4ರ ಆಟಗಳಲ್ಲಿ ಕೆಲವೇ ಕೆಲವನ್ನು ಬಿಟ್ಟು ಮಿಕ್ಕವೆಲ್ಲ ಪಿಎಸ್5ರಲ್ಲಿ ನಡೆಯುತ್ತವೆ. ಹಾಗಾಗಿ ನಮ್ಮ ಹುಡುಗ ಹೇಳಿದ್ದೇ ಸರಿ, ಮೇಷ್ಟ್ರು ಸುಮ್ಮನೆ ಗಾಬರಿಯಾಗಿದ್ದಾರೆ, ಒಮ್ಮೆ ಓಡಿಸಿ ತೋರಿಸಿದರೆ ಸಮಾಧಾನವಾಗುತ್ತದೆ ಎಂದು ತೀರ್ಮಾನಿಸಿದೆ. ಅದರ ಹಿಂದೆ ಇನ್ನೊಂದು ಕಾರಣವೂ ಇತ್ತೆಂದು ಒಪ್ಪಿಕೊಳ್ಳಬೇಕು: ಆ ತಿಂಗಳು ನಮ್ಮ ಶಾಖೆಯ ರಿಟರ್ನ್ ಲೆಕ್ಕ ಏರಿತ್ತು, ಏರಿಯಾ ಮ್ಯಾನೇಜರ್ ಸೋಮವಾರದ ಕಾಲ್‌ನಲ್ಲಿ ಅದನ್ನೇ ಎತ್ತಿ ಆಡುತ್ತಿದ್ದರು. ಒಂದು ರಿಟರ್ನ್ ಉಳಿಸಿದೆನೆಂದು ಹೇಳಿಕೊಳ್ಳುವ ಆಸೆ ನನಗಿತ್ತು.

ಶನಿವಾರ ಹನ್ನೊಂದಕ್ಕೆ ಮೇಷ್ಟ್ರು ಮೊಮ್ಮಗನ ಕೈ ಹಿಡಿದು ಬಂದರು. ಹುಡುಗನಿಗೆ ಹತ್ತೋ ಹನ್ನೊಂದೋ ವರ್ಷ. ನಾನು ಕುರ್ಚಿ ಹಾಕಿಸಿ, “ಸರ್, ಇದನ್ನು ಬದಲಾಯಿಸುವ ಅಗತ್ಯವೇ ಇಲ್ಲ, ನಿಮ್ಮ ಮುಂದೆಯೇ ತೋರಿಸುತ್ತೇನೆ ಬನ್ನಿ” ಎಂದು ಡೆಮೊ ಕೌಂಟರಿಗೆ ಕರೆದುಕೊಂಡು ಹೋದೆ. “ಸೀಲ್ ತೆಗೆದರೆ ಮತ್ತೆ ತೊಂದರೆ ಆಗುವುದಿಲ್ಲವೇ?” ಎಂದು ಅವರು ಕೇಳಿದರು. ನಾನಿದ್ದೇನಲ್ಲ ಎಂದೆ. ಕಟರಿನಿಂದ ಹೊದಿಕೆಯನ್ನು ಕೊಯ್ದು ಡಿಸ್ಕನ್ನು ಡೆಮೊ ಪಿಎಸ್5ಗೆ ಹಾಕಿದೆ. ಆಟ ಕಾಪಿಯಾಗುತ್ತಾ ಪರದೆಯ ಮೇಲಿನ ಪಟ್ಟಿ ನಿಧಾನವಾಗಿ ತುಂಬತೊಡಗಿತು. ಆ ಕೆಲವು ನಿಮಿಷ ಹಿಂದಿನ ತಲೆಮಾರಿನ ಆಟಗಳು ಹೊಸ ಯಂತ್ರದಲ್ಲಿ ಹೇಗೆ ಓಡುತ್ತವೆಂದು ನಾನು ಸಾವಕಾಶವಾಗಿ ವಿವರಿಸಿದೆ. ಮೇಷ್ಟ್ರು ತಲೆದೂಗುತ್ತಾ ಕೇಳಿದರು. ಹುಡುಗ ಮಾತ್ರ ಪರದೆಯನ್ನು ನೋಡದೆ ಯಂತ್ರದ ಸುತ್ತ ತಿರುಗುತ್ತಿದ್ದ. ಮೈದಾನ ಕಾಣಿಸಿಕೊಂಡು ಪ್ರೇಕ್ಷಕರ ಸದ್ದು ಕೇಳಿಬಂದಾಗ ನಾನು ಗೆದ್ದವನಂತೆ ತಿರುಗಿದೆ. ಆಗ ಅವನು ತಾತನ ಅಂಗಿಯ ತೋಳನ್ನು ಎಳೆದು, ಮೆಲ್ಲಗೆ, “ತಾತ, ನಮ್ಮದಕ್ಕೆ ಈ ಥರ ಡಿಸ್ಕ್ ತೂರಿಸೋ ಜಾಗವೇ ಇಲ್ಲ” ಎಂದ.

ಪತ್ರ ನನ್ನ ಜೇಬಿನಲ್ಲಿಯೇ ಇತ್ತು. ತೆಗೆದು ನೋಡಿದೆ: ಸಿಎಫ್‌ಐ-1208ಬಿ. ಕೊನೆಯಲ್ಲಿ ‘ಎ’ ಇದ್ದರೆ ಡಿಸ್ಕ್ ಡ್ರೈವ್ ಇರುವ ಪಿಎಸ್5, ‘ಬಿ’ ಇದ್ದರೆ ಡಿಜಿಟಲ್ ಎಡಿಷನ್. ಆಟಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವುದಲ್ಲದೆ ಅದಕ್ಕೆ ಬೇರೆ ದಾರಿ ಇಲ್ಲ. 2023ರ ಕೊನೆಯಲ್ಲಿ ಬಂದ ಸ್ಲಿಮ್ ಮಾದರಿಯ ಡಿಜಿಟಲ್ ಯಂತ್ರವಾಗಿದ್ದರೆ ಡ್ರೈವನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬಹುದಿತ್ತು. 1208 ಅದಕ್ಕಿಂತ ಹಳೆಯದು, ಅದಕ್ಕೆ ಆ ಡ್ರೈವ್ ಕೂರುವುದಿಲ್ಲ. ಹುಡುಗ ಅದುವರೆಗೆ ಡೌನ್‌ಲೋಡ್ ಮಾಡಿದ ಆಟಗಳನ್ನೇ ಆಡಿದ್ದ, ಮುಚ್ಚಳ ತೆಗೆದರೆ ಒಳಗೆ ಜಾಗ ಇರಬಹುದೆಂದು ತಿಳಿದಿದ್ದನಂತೆ. ಮೇಷ್ಟ್ರಿಗೆ ಪೆಟ್ಟಿಗೆಯ ಮೇಲಿನ ‘4’ ಮಾತ್ರ ಕಣ್ಣಿಗೆ ಬಿದ್ದು, ತಪ್ಪು ಅದೇ ಎಂದುಕೊಂಡಿದ್ದರು. ಅಂದರೆ ಅವರು ಕೇಳಿದಂತೆ ಪಿಎಸ್5 ಡಿಸ್ಕನ್ನು ಕೊಟ್ಟಿದ್ದರೂ ಅದು ಅವರ ಮನೆಯಲ್ಲಿ ಓಡುತ್ತಿರಲಿಲ್ಲ. ಆದರೂ ಅವರು ಆ ಸಂಖ್ಯೆಯನ್ನು ಅಕ್ಷರ ಬಿಡದೆ ನಕಲು ಮಾಡಿ, ಅದರ ಅರ್ಥ ಬಲ್ಲವನಿಗೆ ಕಳುಹಿಸಿದ್ದರು. ಅದರ ಅರ್ಥ ಬಲ್ಲವನು ನಾನೇ. ಡಿಸ್ಕ್ ಡೆಮೊ ಯಂತ್ರದೊಳಗೆ ತಿರುಗುತ್ತಿತ್ತು, ಕೊಯ್ದ ಪ್ಲಾಸ್ಟಿಕ್ ಕೌಂಟರಿನ ಮೇಲೆ ಬಿದ್ದಿತ್ತು, ಪಾಲಿಸಿಯ ಪ್ರಕಾರ ಮೇಷ್ಟ್ರ ರಿಟರ್ನ್ ಆಗಲೇ ಸತ್ತುಹೋಗಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ. ಬೈದಿದ್ದರೆ ಅದೇ ವಾಸಿಯಾಗಿರುತ್ತಿತ್ತು.

ಏರಿಯಾ ಮ್ಯಾನೇಜರಿಗೆ ಫೋನ್ ಮಾಡಿದೆ. “ಸೀಲ್ ಒಡೆದಿದೆ ಅಂದಮೇಲೆ ಮುಗಿಯಿತು” ಎಂದರು. ಒಡೆದವನು ಗ್ರಾಹಕನಲ್ಲ, ನಾನು ಎಂದೆ. ಸ್ವಲ್ಪ ಹೊತ್ತು ಮೌನ; ಬಳಿಕ, ನೀವೇಕೆ ಒಡೆದಿರಿ ಎಂದು ಕೇಳಿದರು. ಆ ಪ್ರಶ್ನೆಗೆ ಇಂದಿಗೂ ನನ್ನ ಬಳಿ ಮರ್ಯಾದಸ್ಥ ಉತ್ತರವಿಲ್ಲ. ಕೊನೆಗೆ ಅವರು ರಿಫಂಡಿಗೆ ಒಪ್ಪಿದರು, ನಾನು ಲಿಖಿತ ವಿವರಣೆ ಕೊಡಬೇಕೆಂಬ ಷರತ್ತಿನೊಂದಿಗೆ.

ಅಲ್ಲಿಂದ ಮುಂದಿನ ಕಾಟ ಬಿಲ್ಲಿಂಗ್ ಸಾಫ್ಟ್‌ವೇರಿನದು. ರಿಟರ್ನ್ ಮಾಡಬೇಕಾದರೆ ಕಾರಣವನ್ನು ಪಟ್ಟಿಯಿಂದ ಆರಿಸಬೇಕು, ಆ ಪಟ್ಟಿಯಲ್ಲಿ ‘ಡಿಫೆಕ್ಟಿವ್’, ‘ಡ್ಯಾಮೇಜ್’, ‘ಇತರೆ’ ಎಂಬ ಮೂರೇ ಇವೆ. ಗೇಮ್ ಮಾರುವ ಅಂಗಡಿಯಲ್ಲಿ ಅತಿ ಹೆಚ್ಚು ಬರುವ ಕಾರಣವಾದ ‘ತಪ್ಪು ಕನ್ಸೋಲ್’ ಎಂಬುದನ್ನು ಸೇರಿಸಿರೆಂದು ನಾವು ಕೇಳುತ್ತಲೇ ಇದ್ದೇವೆ. ‘ಡಿಫೆಕ್ಟಿವ್’ ಒತ್ತಿದರೆ ಬೇಗ ಮುಗಿಯುತ್ತದೆ, ಆದರೆ ಮೇಷ್ಟ್ರೇ ದೋಷವಿಲ್ಲವೆಂದು ಬರೆದಿರುವಾಗ ನಾನು ಸುಳ್ಳು ಒತ್ತುವುದು ಹೇಗೆ? ‘ಇತರೆ’ ಒತ್ತಿದೆ, ಒತ್ತಿದರೆ ಮ್ಯಾನೇಜರಿನ ಒಟಿಪಿ ಕೇಳುತ್ತದೆ, ಅದಕ್ಕೆ ಇನ್ನೊಂದು ಫೋನ್. ಮೇಷ್ಟ್ರ ಯಂತ್ರಕ್ಕೆ ಆಟವನ್ನು ಆನ್‌ಲೈನ್ ಸ್ಟೋರಿನಲ್ಲಿಯೇ ಕೊಳ್ಳಬೇಕು; ಅಲ್ಲಿನ ಅಕೌಂಟಿಗೆ ಹಣ ತುಂಬುವ ಕೋಡ್ ಇರುವ ವಾಲೆಟ್ ಕಾರ್ಡನ್ನು ಕ್ರೆಡಿಟ್ ನೋಟಿನ ಮೇಲೆ ಮಾರಲು ಸಿಸ್ಟಮ್ ಬಿಡುವುದಿಲ್ಲವಾದ್ದರಿಂದ, 3,999 ರೂಪಾಯಿಯನ್ನು ಮೊದಲು ಮೇಷ್ಟ್ರ ಯುಪಿಐಗೆ ಹಿಂದಿರುಗಿಸಿ, ಬಳಿಕ ಹೊಸ ಬಿಲ್ ಹಾಕಬೇಕಾಯಿತು.

ಅದೇ ಆಟದ ಡಿಜಿಟಲ್ ಪಿಎಸ್5 ಆವೃತ್ತಿಗೆ ಆನ್‌ಲೈನ್ ಸ್ಟೋರಿನಲ್ಲಿ 4,999 ರೂಪಾಯಿ ಇತ್ತು. 5,000ದ ಕಾರ್ಡ್ ಕೈಗೆತ್ತಿಕೊಂಡವನು ಈ ಸಲ ಅಲ್ಲಿಯೇ ತಡೆದು ನಿಂತೆ. ಸೀಲ್ ಒಡೆದ ಡಿಸ್ಕನ್ನಾದರೂ ಯಾರಿಗೋ ಮಾರಬಹುದು, ಗೀರಿದ ಕೋಡನ್ನು ಯಾರೂ ಹಿಂಪಡೆಯುವುದಿಲ್ಲ. ಭಾರತದ ಕೋಡ್ ಭಾರತದ ಅಕೌಂಟಿಗೆ ಮಾತ್ರ ಸಲ್ಲುತ್ತದೆ, ಮತ್ತು ಅಕೌಂಟಿನ ದೇಶವನ್ನು ಒಮ್ಮೆ ಆರಿಸಿದ ಮೇಲೆ ಬದಲಾಯಿಸಲಾಗದು. ಅಕೌಂಟ್ ಮಾಡಿಕೊಟ್ಟವರು ಯಾರೆಂದು ಹುಡುಗನನ್ನು ಕೇಳಿದರೆ, “ದುಬೈ ಮಾವ” ಎಂದ. ನನ್ನ ಎದೆ ಧಸಕ್ಕೆಂದಿತು. ಅವನ ಅಮ್ಮನಿಗೆ ಫೋನ್ ಮಾಡಿಸಿ, ಯಂತ್ರ ಹಚ್ಚಿ ಸ್ಟೋರ್ ತೆರೆದು ಬೆಲೆಗಳು ಯಾವ ಹಣದಲ್ಲಿವೆ ಎಂದು ನೋಡಿ ಹೇಳಿರೆಂದು ಕೇಳಿಕೊಂಡೆ. ರೂಪಾಯಿಯಲ್ಲದೆ ಬೇರೆ ಹಣ ಎಂದಿದ್ದರೆ ಈ ಕಾರ್ಡ್ ಕೊಟ್ಟು ಪ್ರಯೋಜನವಿರಲಿಲ್ಲ. ಅವರು ನೋಡಿ, “ರೂಪಾಯಿ ಇದೆ, ಮಾವ ರಜೆಗೆ ಬಂದಾಗ ಇಲ್ಲೇ ಮಾಡಿಕೊಟ್ಟಿದ್ದು” ಎಂದ ಮೇಲಷ್ಟೇ ಬಿಲ್ ಹಾಕಿದೆ. ಮೇಷ್ಟ್ರು ಹೆಚ್ಚುವರಿ 1,001 ರೂಪಾಯಿಯನ್ನು ಕೊಟ್ಟು, ವಾಲೆಟ್ಟಿನಲ್ಲಿ ಉಳಿಯುವ ಒಂದು ರೂಪಾಯಿ ಮುಂದೆ ಏನಾಗುತ್ತದೆ ಎಂದು ವಿಚಾರಿಸಿದರು. ಅಲ್ಲಿಯೇ ಇರುತ್ತದೆ ಎಂದೆ.

ನನ್ನ ಲಿಖಿತ ವಿವರಣೆಯನ್ನು ಆ ರಾತ್ರಿ ಮೂರು ಸಲ ಬರೆದೆ. ಮೊದಲಿನ ಎರಡರಲ್ಲಿ ‘ಗ್ರಾಹಕರ ಸಮಾಧಾನಕ್ಕಾಗಿ’ ಎಂಬ ಮಾತಿತ್ತು. ಮೂರನೆಯದರಲ್ಲಿ ಅದನ್ನು ಹೊಡೆದುಹಾಕಿ, ಗ್ರಾಹಕರು ಪತ್ರದಲ್ಲಿ ಮಾದರಿ ಸಂಖ್ಯೆಯನ್ನು ಪೂರ್ತಿಯಾಗಿ ಕೊಟ್ಟಿದ್ದರು, ನಾನು ಕೊನೆಯ ಅಕ್ಷರವನ್ನು ಓದದೆ ಸೀಲ್ ಒಡೆದೆ ಎಂದಷ್ಟೇ ಬರೆದೆ. ಈಗ ಯಾರೇ ಗೇಮ್ ಬದಲಾಯಿಸಲು ಬಂದರೂ ಯಂತ್ರದ ಚೀಟಿಯ ಫೋಟೋ ತರಿಸಿಕೊಳ್ಳುತ್ತೇನೆ, ಹೊಸ ಹುಡುಗರು ಬೇಸರಿಸಿಕೊಂಡರೂ ಸರಿ. ಆ ಡಿಸ್ಕನ್ನು ಡೆಮೊ ಸ್ಟಾಕಿಗೆ ಹಾಕಿದರು. ಪ್ರತಿ ಸ್ಟಾಕ್ ಟೇಕ್‌ನಲ್ಲಿಯೂ ಅದರ ಮುಂದೆ ‘ಸೀಲ್ ಒಡೆದವರು’ ಎಂಬ ಕಾಲಮಿನಲ್ಲಿ ನನ್ನ ಹೆಸರನ್ನು ನಾನೇ ಓದಿ ಟಿಕ್ ಹಾಕಬೇಕು. ರಿಟರ್ನ್ ಪಟ್ಟಿಯಲ್ಲಿ ಕಾರಣಗಳು ಇನ್ನೂ ಮೂರೇ ಇವೆ.