ಅರಿಸಿನದ ವಾಯಿದಾ ಬೆಲೆ ಲೆಕ್ಕ ಹಾಕುವ ಕೋಷ್ಟಕ: ಮೂರನೆಯ ವರದಿ

ತೆಲಂಗಾಣದ ನಿಜಾಮಾಬಾದ್ ಮಾರುಕಟ್ಟೆಯನ್ನು ಆಧರಿಸಿದ ಅರಿಸಿನ ವಾಯಿದೆಯ, ಅಂದರೆ ಮುಂದಿನ ತಿಂಗಳೊಂದರಲ್ಲಿ ಮಾಲು ಒಪ್ಪಿಸಲು ಇಂದೇ ಬೆಲೆ ನಿಗದಿಪಡಿಸುವ ಒಪ್ಪಂದದ, ನ್ಯಾಯಯುತ ಬೆಲೆಯನ್ನು ಮನೆಯಲ್ಲೇ ಲೆಕ್ಕ ಹಾಕಬೇಕೆಂದು ಆರಂಭಿಸಿದ ಕೋಷ್ಟಕ ಈಗ ಒಂದು ಹಂತಕ್ಕೆ ಬಂದಿದೆ. ಇಲ್ಲಿರುವ ಬೆಲೆಗಳು ಯಾವುದೇ ಒಂದು ದಿನದ ಮಾರುಕಟ್ಟೆ ದರಗಳಲ್ಲ. ಸೂತ್ರವನ್ನು ಪರೀಕ್ಷಿಸಲು ನಾನೇ ಇಟ್ಟುಕೊಂಡ ಅಂಕಿಗಳು. ಗೋದಾಮಿನ ಬಾಡಿಗೆ, ಬಡ್ಡಿ, ತೂಕದ ನಷ್ಟ ಇವೂ ನನ್ನ ಅಂದಾಜುಗಳೇ.

ಪಠ್ಯಗಳಲ್ಲಿರುವ ಸೂತ್ರ ಚಿಕ್ಕದು: F = S·e^((r + u − y)·T). ಇಲ್ಲಿ F ಎಂದರೆ ವಾಯಿದೆಯ ಬೆಲೆ, S ಇಂದಿನ ಹಾಜರ್ ಬೆಲೆ, r ಬಡ್ಡಿ, u ದಾಸ್ತಾನಿನ ವೆಚ್ಚ, T ವಾಯಿದೆಗೆ ಉಳಿದಿರುವ ಕಾಲ. ಕೊನೆಯ y ಮಾತ್ರ ಬೇರೆ ಜಾತಿಯದು. ಸರಕು ಕೈಯಲ್ಲೇ ಇರುವುದರಿಂದ ದಾಸ್ತಾನುದಾರನಿಗೆ ಸಿಗುವ, ಆದರೆ ವಾಯಿದಾ ಕಾಗದ ಹಿಡಿದವನಿಗೆ ಸಿಗದ ಪ್ರಯೋಜನಕ್ಕೆ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1939ರಲ್ಲಿ ಕನ್ವೀನಿಯೆನ್ಸ್ ಯೀಲ್ಡ್ ಎಂಬ ಹೆಸರನ್ನು ಕೊಟ್ಟರು. ನಾನು ಅದನ್ನು ಅನುಕೂಲ ಲಾಭ ಎಂದು ಬರೆದುಕೊಂಡಿದ್ದೇನೆ. ಅರಿಸಿನ ಪುಡಿ ಮಾಡುವ ಗಿರಣಿಯೊಂದನ್ನು ನೆನೆದರೆ ಅದರ ಅರ್ಥ ತಿಳಿಯುತ್ತದೆ: ನವೆಂಬರಿನಲ್ಲಿ ಕೊಂಬು ಸಿಗದೆ ಯಂತ್ರ ನಿಂತರೆ ಆಗುವ ನಷ್ಟಕ್ಕೆ ಹೋಲಿಸಿದಾಗ, ನಾಲ್ಕು ಲೋಡು ಮಾಲನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವ ಖರ್ಚು ಮಾಲೀಕನಿಗೆ ದೊಡ್ಡದೆನಿಸುವುದಿಲ್ಲ.

ಹಿಂದಿನ ವರದಿಯಲ್ಲಿ ಮಾಡಿದ ಒಂದು ತಪ್ಪನ್ನು ಮೊದಲು ತಿದ್ದಬೇಕು. ಬಾಡಿಗೆ, ವಿಮೆ, ಕೀಟನಿಯಂತ್ರಣದ ಹೊಗೆ ಎಲ್ಲ ಸೇರಿ ಕ್ವಿಂಟಲಿಗೆ ತಿಂಗಳಿಗೆ 40 ರೂಪಾಯಿ ಎಂದು ಹಿಡಿದು, ಬೆಲೆ 7,000 ಇದ್ದ ಹಳೆಯ ಹಾಳೆಯಲ್ಲಿ ಅದನ್ನು ವರ್ಷಕ್ಕೆ 6.9% ಎಂದು ಶೇಕಡಾವಾರು ಮಾಡಿ ಇಟ್ಟಿದ್ದೆ. ಹೊಸ ಹಾಳೆಯಲ್ಲಿ ಬೆಲೆಯನ್ನು 14,000ಕ್ಕೆ ಏರಿಸಿದಾಗ ಅದೇ ಶೇಕಡಾವಾರು ಹಾಗೆಯೇ ಉಳಿದು, ಬಾಡಿಗೆಯೂ ತನ್ನಷ್ಟಕ್ಕೆ ಎರಡು ಪಟ್ಟಾಯಿತು. ಗೋದಾಮಿನವನು ಚೀಲ ಎಣಿಸಿ ಬಾಡಿಗೆ ಕೇಳುತ್ತಾನೆಯೇ ಹೊರತು ಚೀಲದೊಳಗಿನ ಬೆಲೆಯನ್ನಲ್ಲ. 2023ರಲ್ಲಿ ಅರಿಸಿನದ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗೂ ಮೀರಿ ಏರಿದಂತಹ ಕಾಲದಲ್ಲಿ ಈ ತಪ್ಪು ಲೆಕ್ಕವನ್ನೇ ಕೆಡಿಸುತ್ತದೆ. ಆದ್ದರಿಂದ ಈಗ ಬಾಡಿಗೆಯನ್ನು ರೂಪಾಯಿಯಲ್ಲೂ, ಒಣಗಿ ಕಡಿಮೆಯಾಗುವ ತೂಕವನ್ನು ಮಾತ್ರ ಶೇಕಡಾವಾರಿನಲ್ಲೂ ಬರೆದಿದ್ದೇನೆ; ತೂಕದ ನಷ್ಟ ನಿಜಕ್ಕೂ ಬೆಲೆಯ ಜೊತೆಗೇ ಏರುವಂಥದ್ದು. ಕಾಲ ಕೆಲವೇ ತಿಂಗಳಾದ್ದರಿಂದ ಘಾತಾಂಕದ ಬದಲು ಸರಳ ಬಡ್ಡಿಯನ್ನೇ ಬಳಸಿದ್ದೇನೆ. ಕೆಳಗಿನ ಕೋಡಿನಲ್ಲಿ F1 ಎಂದರೆ ಆರಂಭದ ಬೆಲೆ, F2 ಮುಂದಿನ ವಾಯಿದೆಯ ಬೆಲೆ, godown ತಿಂಗಳ ಬಾಡಿಗೆ, loss ತೂಕದ ನಷ್ಟ.

```python
def implied_y(F1, F2, r, godown, loss, months):
    t = months / 12
    full = F1 * (1 + (r + loss) * t) + godown * months
    return (full - F2) / F1 / t
```

ಪರೀಕ್ಷೆಯ ದಿನ ಅಕ್ಟೋಬರ್ 20 ಎಂದುಕೊಳ್ಳೋಣ. ಹಾಜರ್ ಬೆಲೆ ಕ್ವಿಂಟಲಿಗೆ 14,000, ಡಿಸೆಂಬರ್ ವಾಯಿದೆ 14,200, ಏಪ್ರಿಲ್ ವಾಯಿದೆ 12,900. ಬಡ್ಡಿ 9%, ತೂಕದ ನಷ್ಟ ವರ್ಷಕ್ಕೆ 1.5%.

ಡಿಸೆಂಬರಿಗೆ ಎರಡು ತಿಂಗಳಿದೆ. ಬಡ್ಡಿ 210, ಬಾಡಿಗೆ 80, ತೂಕ 35 ಸೇರಿ 325 ರೂಪಾಯಿ; ಪೂರ್ಣ ವೆಚ್ಚದ ಬೆಲೆ 14,325. ಮಾರುಕಟ್ಟೆ ಅದಕ್ಕಿಂತ 125 ಕಡಿಮೆ ಕೊಡುತ್ತಿರುವುದರಿಂದ y ವರ್ಷಕ್ಕೆ ಸುಮಾರು 5.4%. ಏಪ್ರಿಲಿಗೆ ಆರು ತಿಂಗಳು. ವೆಚ್ಚ 975, ಪೂರ್ಣ ಬೆಲೆ 14,975, ಮಾರುಕಟ್ಟೆಯ ಬೆಲೆ ಅದಕ್ಕಿಂತ 2,075 ಕೆಳಗಿದೆ. ಇದನ್ನು ಇಡೀ ಆರು ತಿಂಗಳಿಗೆ ಹರಡಿದರೆ y 29.6% ಎಂದು ಬರುತ್ತದೆ. ಆದರೆ ಈ ಸರಾಸರಿ ಸಂಖ್ಯೆ ಒಂದು ಮುಖ್ಯ ವಿಷಯವನ್ನು ಮುಚ್ಚಿಡುತ್ತದೆ. ಹಾಜರ್ ಬೆಲೆಯ ಬದಲು ಡಿಸೆಂಬರ್ ವಾಯಿದೆಯನ್ನೇ ಆರಂಭವೆಂದು ಹಿಡಿದು, ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳನ್ನು ಮಾತ್ರ ಲೆಕ್ಕ ಹಾಕಿದರೆ ಪೂರ್ಣ ಬೆಲೆ 14,857 ಆಗುತ್ತದೆ, ವ್ಯತ್ಯಾಸ 1,957, y 41.3%. ಮೊದಲ ಎರಡು ತಿಂಗಳಲ್ಲಿ 5.4%, ಆಮೇಲಿನ ನಾಲ್ಕರಲ್ಲಿ 41.3%. ಹೊಸ ಬೆಳೆ ಮಾರುಕಟ್ಟೆಗೆ ಬರುವುದು ಸುಮಾರು ಜನವರಿಯಿಂದ. ಅದಕ್ಕೆ ಮುಂಚೆ ಹಳೆಯ ದಾಸ್ತಾನು ತಳ ಕಾಣುತ್ತಿದ್ದರೆ ಮಾಲಿನ ಅಭಾವವೆಲ್ಲ ಬೆಳೆಯ ಈ ಗಡಿಯಲ್ಲಿ ಗುಂಪಾಗಿ ಕಾಣುತ್ತದೆ. ಅರ್ಥಶಾಸ್ತ್ರಜ್ಞ ಹೋಲ್ಬ್ರೂಕ್ ವರ್ಕಿಂಗ್ ಅಮೆರಿಕದ ಗೋಧಿಯಲ್ಲಿ ಗುರುತಿಸಿದ್ದೂ ಇದನ್ನೇ: ದಾಸ್ತಾನು ಕಡಿಮೆಯಿದ್ದಾಗ ಮುಂದಿನ ವಾಯಿದೆ ಇಂದಿನ ಬೆಲೆಗಿಂತ ಕೆಳಗಿಳಿದರೂ ಜನ ಸರಕನ್ನು ಇಟ್ಟುಕೊಂಡೇ ಇರುತ್ತಾರೆ.

ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾರೂ ಬಾಚಿಕೊಳ್ಳುವುದಿಲ್ಲವೇಕೆ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಟ್ಟೆ. ಏಪ್ರಿಲ್ ವಾಯಿದೆ 15,400 ಇದ್ದಿದ್ದರೆ ಸಾಲ ಮಾಡಿ ಹಾಜರ್ ಮಾಲನ್ನು ಕೊಂಡು, ಗೋದಾಮಿನಲ್ಲಿಟ್ಟು, ವಾಯಿದೆಯನ್ನು ಮಾರಿ, ಏಪ್ರಿಲಿನಲ್ಲಿ ಮಾಲು ಒಪ್ಪಿಸಿದವನಿಗೆ ಕ್ವಿಂಟಲಿಗೆ 425 ರೂಪಾಯಿ ಉಳಿಯುತ್ತಿತ್ತು. ಸಾಗಣೆ, ಗುಣಮಟ್ಟ ಪರೀಕ್ಷೆ, ದಿನದಿನದ ಮಾರ್ಜಿನ್ ಹಣ ಇವೆಲ್ಲವನ್ನು ಕಳೆದರೂ ಏನಾದರೂ ಮಿಕ್ಕುತ್ತಿತ್ತು. ಹಾಗೆ ಕೊಳ್ಳುವವರು ಹೆಚ್ಚಿದಂತೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಕೆಳಗಿನ ಕಡೆಗೆ ಇದನ್ನು ತಿರುಗಿಸುವುದು ಸಾಧ್ಯವಿಲ್ಲ. ಇಂದು ಮಾರಿ ಏಪ್ರಿಲಿನಲ್ಲಿ ಮರಳಿ ಪಡೆಯಬೇಕಾದರೆ ನಮ್ಮ ಬಳಿ ಮಾಲು ಇರಬೇಕು ಅಥವಾ ಅದನ್ನು ಕಡ ಕೊಡುವವರು ಬೇಕು. ಚಿನ್ನವನ್ನು ಕಡ ಕೊಡುವ ಮಾರುಕಟ್ಟೆ ಇದೆ. ಅರಿಸಿನದ ಚೀಲವನ್ನು ಆರು ತಿಂಗಳಿಗೆ ಕಡ ಕೊಡುವ ವ್ಯಾಪಾರಿಯನ್ನು ನಾನು ನೋಡಿಲ್ಲ. ಆದ್ದರಿಂದ ಪೂರ್ಣ ವೆಚ್ಚದ ಬೆಲೆ ಒಂದು ಛಾವಣಿ ಮಾತ್ರ, ಕೆಳಗೆ ನೆಲವಿಲ್ಲ. ಆ ಛಾವಣಿಯಿಂದ ಬೆಲೆ ಎಷ್ಟು ಕೆಳಗಿದೆ ಎಂಬುದಕ್ಕೆ ನಾವು ಕೊಟ್ಟ ಹೆಸರೇ y.

ಇದರ ಒಂದು ಪರಿಣಾಮ ಸ್ವಲ್ಪ ಅಹಿತಕರವಾದದ್ದು. y ಅಳೆದು ತಂದ ಸಂಖ್ಯೆಯಲ್ಲ, ಉಳಿದ ಎಲ್ಲವನ್ನೂ ಕಳೆದ ಮೇಲೆ ತಟ್ಟೆಯಲ್ಲಿ ಉಳಿದದ್ದು. ಬಡ್ಡಿ, ಬಾಡಿಗೆ, ಹಾಜರ್ ಬೆಲೆ ಯಾವುದರಲ್ಲಿ ತಪ್ಪಿದರೂ ಆ ತಪ್ಪು ಸದ್ದಿಲ್ಲದೆ y ಒಳಗೆ ಸೇರಿಕೊಳ್ಳುತ್ತದೆ. ಮೇಲೆ ಹೇಳಿದ ಬಾಡಿಗೆಯ ತಪ್ಪೊಂದೇ y ಯನ್ನು ಸುಮಾರು 3.4 ಶೇಕಡಾ ಅಂಶಗಳಷ್ಟು ಹೆಚ್ಚಿಸಿ ತೋರಿಸಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ತಪ್ಪು ತಾನಾಗಿ ಹೊರಬಿದ್ದ ಇನ್ನೊಂದು ಸಂದರ್ಭವೂ ಇದೆ. S ಜಾಗದಲ್ಲಿ ನಿಜಾಮಾಬಾದಿನ ಬದಲು ನಮ್ಮ ಹತ್ತಿರದ ಮಂಡಿಯದೆಂದು 13,400 ಹಾಕಿ ನೋಡಿದೆ. ಪೂರ್ಣ ಬೆಲೆ ಸುಮಾರು 13,715ಕ್ಕೆ ಇಳಿದು, 14,200ರ ಡಿಸೆಂಬರ್ ವಾಯಿದೆ ಛಾವಣಿಯ ಮೇಲೆ ನಿಂತಿತು. y ಋಣ 22%. ಅನುಕೂಲ ಲಾಭ ಋಣವಾಗುವುದೆಂದರೆ ಕೈಯಲ್ಲಿ ಮಾಲಿರುವುದೇ ನಷ್ಟ ಎಂದರ್ಥ, ಅದಕ್ಕೆ ಅರ್ಥವಿಲ್ಲ. ಬೇರೆ ತಳಿ, ಬೇರೆ ಊರು, ಬೇರೆ ಸಾಗಣೆ ವೆಚ್ಚದ ಬೆಲೆಯನ್ನು ನಿಜಾಮಾಬಾದಿನ ವಾಯಿದೆಗೆ ಹೋಲಿಸಿದ್ದೇ ಕಾರಣ. ಅಂದಿನಿಂದ y ಶೂನ್ಯಕ್ಕಿಂತ ಕೆಳಗಿಳಿದ ಕೋಶ ಕೆಂಪಾಗುವಂತೆ ಮಾಡಿದ್ದೇನೆ. ಕೆಂಪು ಬಿದ್ದರೆ ಸುಲಭ ಲಾಭ ಸಿಕ್ಕಿತೆಂದು ಹಿಗ್ಗದೆ ಮೊದಲು S ಅನ್ನು ಪರಿಶೀಲಿಸಬೇಕು, ಆಮೇಲೆ ಬಾಡಿಗೆಯನ್ನು. ಸುಗ್ಗಿಯಲ್ಲಿ ಗೋದಾಮುಗಳು ತುಂಬಿ ಬಾಡಿಗೆ ನಿಜವಾಗಿಯೂ ಏರಿರಬಹುದು.

ಮುಂದಿನ ಹಂತಕ್ಕೆ ಏಪ್ರಿಲ್ ಮತ್ತು ಆಗಸ್ಟ್ ಜೋಡಿಯನ್ನು ಇಟ್ಟುಕೊಂಡಿದ್ದೇನೆ. ಆ ಹೊತ್ತಿಗೆ ಹೊಸ ಬೆಳೆ ಗೋದಾಮು ಸೇರಿರುವುದರಿಂದ y ಶೂನ್ಯದ ಹತ್ತಿರ ಇಳಿಯಬೇಕು, ವಾಯಿದೆ ಛಾವಣಿಯ ಸಮೀಪಕ್ಕೆ ಏರಬೇಕು. 12,900ರಿಂದ ಆರಂಭಿಸಿದರೆ ಆಗಸ್ಟಿನ ಛಾವಣಿ ಸುಮಾರು 13,511 ಬರುತ್ತದೆ. ಸುಗ್ಗಿ ಮುಗಿದ ಮೇಲೂ ಈ ಜೋಡಿಯಲ್ಲಿ y ಎರಡಂಕಿಯಲ್ಲೇ ಉಳಿದರೆ, ಬೆಳೆ ಕಡಿಮೆಯಾಗಿದೆ ಎನ್ನುವ ಮೊದಲು ನಾನು ಹಿಡಿದ 9% ಬಡ್ಡಿಯನ್ನೇ ಇನ್ನೊಮ್ಮೆ ನೋಡುತ್ತೇನೆ.