‘ಸಹೀಹ್’ ಬರೆದ ಕೈ ಯಾರದ್ದು?

ಹಳೆಯ ಅರಬ್ಬಿ ಹಸ್ತಪ್ರತಿಗಳ ಸ್ಕ್ಯಾನ್ ನೋಡಿ ಕ್ಯಾಟಲಾಗ್ ದಾಖಲೆ ಬರೆಯುವುದು ನಮ್ಮ ಕೆಲಸ. ದಿನಕ್ಕೆ ಇಷ್ಟು ದಾಖಲೆ ಎಂಬ ಟಾರ್ಗೆಟ್ ಇದೆ. ಎಂಟುನೂರು ವರ್ಷ ಕಾದ ಪುಸ್ತಕ ಇನ್ನರ್ಧ ಗಂಟೆ ಕಾಯಬಾರದೇ ಎಂದು ಕೇಳಿದರೆ ಮೇಲಿನವರಿಗೆ ಸಿಟ್ಟು. ಸಹೀಹುಲ್ ಬುಖಾರಿ ಎಂದರೆ ಹದೀಸ್, ಅಂದರೆ ಪ್ರವಾದಿಯ ನುಡಿ-ನಡೆಗಳ, ಸಂಗ್ರಹ. ಅದರ ಒಂದು ಬಿಡಿ ಸಂಪುಟಕ್ಕೆ ನಾನು ‘ಕ್ರಿ.ಶ. 1233, ದಮಾಸ್ಕಸ್’ ಎಂದು ಬರೆದು ಸಲ್ಲಿಸಿದ್ದೆ. ರಿವ್ಯೂ ಮೀಟಿಂಗಿನಲ್ಲಿ ಅದು ಬಿದ್ದ ಬಗೆ ಹೇಳಬೇಕೆಂದರೆ ಆ ಕಾಲದ ಮದರಸಾ ಪಾಠ ಹೇಗೆ ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ತಪ್ಪಿನ ಬೇರು ಇದ್ದದ್ದು ಅಲ್ಲೇ.

ಸಂಪುಟದ ಕೊನೆಯ ಹಾಳೆಯಲ್ಲಿ ಹದಿನೈದು ಸಾಲಿನ ಒಂದು ‘ಸಮಾ’ ಇತ್ತು. ಸಮಾ ಎಂದರೆ ಕೇಳಿಕೆ. ಇಂಥ ಗುರುವಿನ ಮುಂದೆ ಈ ಭಾಗ ಪೂರ್ತಿ ಓದಲ್ಪಟ್ಟಿತು, ಇಂಥಿಂಥವರು ಕೂತು ಕೇಳಿದರು ಎಂಬ ದಾಖಲೆ ಅದು. ಗುರುವಿನ ಹೆಸರು ಹುಸೈನ್ ಇಬ್ನುಲ್ ಮುಬಾರಕ್ ಅಝ್ಝಬೀದಿ, ಸ್ಥಳ ದಮಾಸ್ಕಸ್ಸಿನ ಕಾಸಿಯೂನ್ ಬೆಟ್ಟ, ವರ್ಷ ಹಿಜರಿ 630. ಅಡಿಯಲ್ಲಿ ‘ಸಹೀಹ್’ ಎಂಬ ಪದ. ‘ಇದು ಸರಿ’ ಎಂದು ಗುರು ಹಾಕುವ ರುಜು ಅದು. ಬಾಗ್ದಾದಿನ ಝಬೀದಿ ಆ ವರ್ಷ ದಮಾಸ್ಕಸ್ಸಿಗೆ ಬಂದು ಬುಖಾರಿ ಕೇಳಿಸಿದ್ದು ಚರಿತ್ರೆಯಲ್ಲಿ ದಾಖಲಾದ ಸಂಗತಿ. ಕೇಳಿಕೆಯ ವರ್ಷ 630 ಆದರೆ ಪುಸ್ತಕ ಅದಕ್ಕಿಂತ ಮೊದಲೇ ಇರಬೇಕು, ಇಲ್ಲವೇ ಅದೇ ವರ್ಷದ್ದು ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ನಿಂತದ್ದು ನಾನು ಪರೀಕ್ಷಿಸದೇ ಬಿಟ್ಟ ಒಂದು ಊಹೆಯ ಮೇಲೆ.

ಪಾಠದ ಪದ್ಧತಿ ಹೀಗಿತ್ತು. ಗುರು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದರು. ಓದುವವನು ಬೇರೆ, ಅವನಿಗೆ ‘ಕಾರಿ’ ಎಂದು ಹೆಸರು. ಗುರು ತಮ್ಮ ಗುರುವಿನಿಂದ ಕೇಳಿದ ಪ್ರತಿಯನ್ನೋ ಅದಕ್ಕೆ ಹೋಲಿಸಿ ತಿದ್ದಿದ ಪ್ರತಿಯನ್ನೋ ಆಧಾರವಾಗಿ ಇಟ್ಟುಕೊಳ್ಳುತ್ತಿದ್ದರು. ಕಾರಿ ತಪ್ಪಿದಲ್ಲಿ ತಿದ್ದುತ್ತಿದ್ದರು. ಸುತ್ತ ಕೂತವರು ತಂತಮ್ಮ ಪ್ರತಿಗಳಲ್ಲಿ ಸರಿಪಡಿಸಿಕೊಳ್ಳುತ್ತಿದ್ದರು. ಮೂರನೆಯವನೊಬ್ಬನ ಕೆಲಸ ಹಾಜರಿ ಬರೆಯುವುದು. ಯಾರು ಬಂದರು, ಯಾರು ಎರಡನೆಯ ದಿನ ತಪ್ಪಿಸಿಕೊಂಡರು, ಯಾರಿಗೆ ಯಾವ ಅಧ್ಯಾಯದಿಂದ ಯಾವ ಅಧ್ಯಾಯದವರೆಗೆ ಕೈತಪ್ಪಿತು, ಎಲ್ಲವೂ ಅವನ ಪಟ್ಟಿಯಲ್ಲಿ ಸಿಗುತ್ತದೆ. ಹೆಂಗಸರ ಹೆಸರು, ಗುಲಾಮರ ಹೆಸರು, ಮಕ್ಕಳ ಹೆಸರು ಕೂಡ. ಐದು ವರ್ಷ ತುಂಬಿದ ಮಗುವಿಗೆ ‘ಸಮಿಅ’, ಅಂದರೆ ‘ಕೇಳಿತು’ ಎಂದು ಬರೆಯುವುದು ರೂಢಿ. ಅದಕ್ಕಿಂತ ಚಿಕ್ಕದಾದರೆ ‘ಹದರ’, ‘ಹಾಜರಿತ್ತು’ ಎಂದಷ್ಟೇ. ಆ ಒಂದು ಪದ ಆ ಮಗುವಿನ ಮುಂದಿನ ಎಂಬತ್ತು ವರ್ಷಕ್ಕೆ ಲೆಕ್ಕಕ್ಕೆ ಬರುತ್ತಿತ್ತು.

ಹೇಗೆಂದರೆ, ಕಾಸಿಯೂನಿನಲ್ಲಿ 630ರಲ್ಲಿ ಝಬೀದಿಯ ಮುಂದೆ ಕೂತವರಲ್ಲಿ ಅಹ್ಮದ್ ಇಬ್ನ್ ಅಬೀ ತಾಲಿಬ್ ಎಂಬ ಹುಡುಗನೂ ಇದ್ದ. ದೊಡ್ಡವನಾಗಿ ಅವನು ಹಿಡಿದದ್ದು ಕಲ್ಲಿನ ಕೆಲಸ. ಜನ ಕರೆದದ್ದು ಅಲ್-ಹಜ್ಜಾರ್, ಕಲ್ಲುಕುಟಿಗ, ಎಂದೇ. ವಿದ್ವಾಂಸನಲ್ಲ. 706ರಲ್ಲಿ, ಅಂದರೆ ಎಪ್ಪತ್ತಾರು ಹಿಜರಿ ವರ್ಷಗಳ ನಂತರ, ಹದೀಸ್ ವಿದ್ವಾಂಸರಿಗೆ ಹಳೆಯ ಸಮಾ ಪಟ್ಟಿಯಲ್ಲಿ ಅವನ ಹೆಸರು ಕಂಡಿತು. ಮುದುಕ ಇನ್ನೂ ಬದುಕಿದ್ದ! ಅಲ್ಲಿಂದ ಮುಂದೆ ಅವನನ್ನು ಕೂರಿಸಿಕೊಂಡು ಬುಖಾರಿ ಓದಿದ್ದು ಅರವತ್ತಕ್ಕೂ ಹೆಚ್ಚು ಸಲ ಎನ್ನುತ್ತಾರೆ. ಕೈರೋಗೂ ಕರೆಸಿಕೊಂಡರು. ಕ್ರಿ.ಶ. 1329ರ ಕೊನೆಯಲ್ಲಿ ತೀರಿಕೊಂಡಾಗ ನೂರು ದಾಟಿದ್ದನಂತೆ.

ವಿದ್ವಾಂಸರು ಕಲ್ಲುಕುಟಿಗನ ಹಿಂದೆ ಬಿದ್ದದ್ದು ಏಕೆ? ಕೊಂಡಿಗಳನ್ನು ಎಣಿಸಿದರೆ ಗೊತ್ತಾಗುತ್ತದೆ. ಗ್ರಂಥ ಕಟ್ಟಿದ ಬುಖಾರಿ ತೀರಿದ್ದು ಕ್ರಿ.ಶ. 870ರಲ್ಲಿ. ಅವರಿಂದ ಫಿರಬ್ರಿ, ಫಿರಬ್ರಿಯಿಂದ ಸರಖ್ಸಿ, ಆಮೇಲೆ ದಾವೂದಿ, ಆಮೇಲೆ ಅಬುಲ್ ವಕ್ತ್, ಆಮೇಲೆ ಝಬೀದಿ, ಕೊನೆಗೆ ಹಜ್ಜಾರ್. ಸುಮಾರು ನಾನೂರ ಅರವತ್ತು ವರ್ಷಕ್ಕೆ ನಡುವೆ ಐದೇ ಜನ. ಕೊಂಡಿ ಕಡಿಮೆಯಾದಷ್ಟೂ ತಪ್ಪು ನುಸುಳುವ ಜಾಗ ಕಡಿಮೆ, ಮೂಲಕ್ಕೆ ಅಷ್ಟು ಹತ್ತಿರ. ಈ ಗುಣಕ್ಕೆ ‘ಉಲೂ’, ಎತ್ತರ, ಎನ್ನುತ್ತಿದ್ದರು. ಇದು ತಾನಾಗಿ ಬಂದದ್ದಲ್ಲ, ಬೇಕೆಂದೇ ಹೊಂದಿಸಿದ್ದು. ಅಬುಲ್ ವಕ್ತ್ ದಾವೂದಿಯ ಮುಂದೆ ಕೂತಾಗ ಏಳರ ಹುಡುಗ. ದಾವೂದಿ ಎರಡು ವರ್ಷದಲ್ಲಿ ತೀರಿಕೊಂಡರು. ಅದೇ ಅಬುಲ್ ವಕ್ತ್ ಮುದುಕನಾದಾಗ ಝಬೀದಿ ಏಳೆಂಟರ ಹುಡುಗ. ಝಬೀದಿ ಮುದುಕರಾದಾಗ ಹಜ್ಜಾರ್. ಊರಿನ ಅತಿ ಹಿರಿಯನ ಮುಂದೆ ಮನೆಯ ಅತಿ ಕಿರಿಯನನ್ನು ಕೂರಿಸುವುದೇ ಉಪಾಯ. ಮಗುವಿಗೆ ಏನು ಅರ್ಥವಾಯಿತು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ನನ್ನ ಎರಡನೆಯ ತಪ್ಪು ಹುಟ್ಟಿದ್ದು ಇಲ್ಲಿಂದಲೇ. ನಮ್ಮ ಸಾಫ್ಟ್‌ವೇರಿನಲ್ಲಿ ‘ಪ್ರಮಾಣಪತ್ರ’ ಎಂದು ಒತ್ತಿದರೆ ‘ಸಂಸ್ಥೆ’ ಎಂಬ ಕಡ್ಡಾಯ ಕಾಲಂ ತೆರೆಯುತ್ತದೆ. ಬೆಟ್ಟದ ಹೆಸರು ಅದರ ಪಟ್ಟಿಯಲ್ಲಿಲ್ಲ. ಅದೇ ವರ್ಷ ದಮಾಸ್ಕಸ್ಸಿನಲ್ಲಿ ಶುರುವಾದ ಅಶ್ರಫಿಯ್ಯಾ ದಾರುಲ್ ಹದೀಸ್ ಇತ್ತು. ಅದನ್ನೇ ಆರಿಸಿ, ಟಿಪ್ಪಣಿಯಲ್ಲಿ ‘ಮದರಸಾ ಪದವಿ ಪತ್ರ’ ಎಂದು ಬರೆದುಬಿಟ್ಟೆ. ಮೂರು ಪದದಲ್ಲಿ ಮೂರು ಸುಳ್ಳು.

ಮದರಸಾ ಪತ್ರ ಕೊಡುತ್ತಿರಲಿಲ್ಲ, ಕೊಡುತ್ತಿದ್ದದ್ದು ವ್ಯಕ್ತಿ. ಮದರಸಾ ಎಂದರೆ ವಕ್ಫ್ ಆಸ್ತಿಯಿಂದ ನಡೆಯುವ ಕಟ್ಟಡ, ಅಲ್ಲಿಯ ಸಂಬಳ, ವಿದ್ಯಾರ್ಥಿಗಳ ಕೋಣೆ ಮತ್ತು ರೊಟ್ಟಿ. ಯಾವ ಪಾಠ, ಯಾರಿಗೆ, ಎಷ್ಟು ಜನಕ್ಕೆ ಎಂಬುದನ್ನು ದಾನಿಯ ವಕ್ಫ್ ಪತ್ರ ನಿರ್ಧರಿಸುತ್ತಿತ್ತು. ಬಾಗ್ದಾದಿನಲ್ಲಿ 1067ರಲ್ಲಿ ತೆರೆದ ನಿಝಾಮಿಯ್ಯಾ ಶಾಫಿಈ ಪಂಥಕ್ಕೆ ಮಾತ್ರ. 1234ರಲ್ಲಿ ತೆರೆದ ಮುಸ್ತನ್‌ಸಿರಿಯ್ಯಾದಲ್ಲಿ ಸುನ್ನಿ ಕಾನೂನಿನ ನಾಲ್ಕೂ ಪಂಥಕ್ಕೆ ತಲಾ 62 ವಿದ್ಯಾರ್ಥಿಗಳು. ಮುಖ್ಯ ಪಾಠ ಫಿಕ್ಹ್, ಅಂದರೆ ಧರ್ಮಶಾಸ್ತ್ರದ ಕಾನೂನು. ಬರುವ ಹೊತ್ತಿಗೇ ಹುಡುಗನಿಗೆ ಕುರ್‌ಆನ್ ಬಾಯಿಗೆ ಬಂದಿರಬೇಕು. ಆಮೇಲೆ ವ್ಯಾಕರಣಕ್ಕೆ ಇಬ್ನ್ ಮಾಲಿಕ್‌ನ ಸಾವಿರ ಪದ್ಯಗಳ ಅಲ್ಫಿಯ್ಯಾ, ಶಾಫಿಈ ಹುಡುಗನಾದರೆ ಅಬೂ ಇಸ್ಹಾಕ್ ಶೀರಾಝಿಯ ತನ್‌ಬೀಹ್. ಇಂಥ ಸಣ್ಣ ಪುಸ್ತಕಗಳನ್ನು ಬಾಯಿಪಾಠ ಮಾಡಿ ಊರಿನ ದೊಡ್ಡ ಗುರುಗಳೆದುರು ಒಪ್ಪಿಸಬೇಕಿತ್ತು. ಮುದರ್ರಿಸ್ ಪಾಠ ಹೇಳಿ ಹೋದ ಮೇಲೆ ಮುಈದ್ ಎಂಬ ಸಹಾಯಕ ಅದನ್ನೇ ಮತ್ತೆ ಹೇಳಿಕೊಟ್ಟು ಗಟ್ಟಿ ಮಾಡಿಸುತ್ತಿದ್ದ. ಕೊನೆಯ ಹಂತ ವಾದ. ಎದುರಾಳಿ ಎತ್ತಿದ ಆಕ್ಷೇಪಕ್ಕೆ ಎಲ್ಲರೆದುರು ಉತ್ತರ ಕಟ್ಟಿಕೊಡಬೇಕು.

ಈ ದಾರಿಯ ಕೊನೆಗೆ ಸಿಗುವುದು ಪಾಠ ಹೇಳುವ, ಫತ್ವಾ ಕೊಡುವ ಇಜಾಝಾ, ಅಂದರೆ ಅನುಮತಿ. ಈಜಿಪ್ಟಿನ ಬರಹಗಾರ ಕಲ್ಕಶಂದಿಗೆ 1376-77ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ ಇಬ್ನುಲ್ ಮುಲಕ್ಕಿನ್ ಕೊಟ್ಟದ್ದು ಅಂಥದ್ದು. ಅದು ಯೋಗ್ಯತೆಯ ಮಾತು. ಸಮಾ ಹಾಗಲ್ಲ, ಅದು ಸಾಕ್ಷಿಯ ಮಾತು: ಈ ಕಿವಿಗೆ ಈ ಪುಸ್ತಕ ಬಿದ್ದಿದೆ, ಮುಂದೆ ಇವರಿಂದ ಕೇಳಬಹುದು. ಹಜ್ಜಾರ್ ಒಂದು ಫತ್ವಾ ಕೊಡಲಾರ, ಆದರೆ ಅವನ ಮುಂದೆ ಮುಫ್ತಿಗಳು ಕೂರುತ್ತಿದ್ದರು. ಎರಡನ್ನೂ ‘ಪದವಿ’ ಎಂಬ ಒಂದೇ ಡಬ್ಬಿಗೆ ಹಾಕಿದರೆ ಹದೀಸ್ ಗೊತ್ತಿದ್ದವರು ನಗುತ್ತಾರೆ. ನಕ್ಕರು ಕೂಡ.

ಇಬ್ನ್ ಬತೂತಾ ಈ ಹಜ್ಜಾರ್‌ನ ಕೈಯಿಂದ, ಫತ್ವಾದ್ದಲ್ಲ, ಕೇಳಿದ್ದನ್ನು ಮುಂದೆ ಕೇಳಿಸುವ ಇಜಾಝಾ ಪಡೆದವನೇ. 1326ರ ಆಗಸ್ಟಿನಲ್ಲಿ, ರಂಝಾನಿನ ದ್ವಿತೀಯಾರ್ಧದಲ್ಲಿ, ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಹದಿನಾಲ್ಕು ಕೂಟಗಳಲ್ಲಿ ಬುಖಾರಿ ಪೂರ್ತಿ ಕೇಳಿದೆ ಎಂದು ಬರೆದಿದ್ದಾನೆ. ಓದಿದವರು ಬಿರ್ಝಾಲಿ, ಹೆಸರು ಬರೆದುಕೊಂಡವರು ಇಬ್ನ್ ತುಘ್ರಿಲ್ ಅಸ್ಸೈರಫಿ. ಗುರು, ಓದುಗ, ಹಾಜರಿ ಬರೆಯುವವ, ಮೂವರನ್ನೂ ಬೇರೆಬೇರೆಯಾಗಿ ಹೆಸರಿಸಿದ್ದಾನೆ ನೋಡಿ. ಅದೇ ಮನುಷ್ಯ ಮುಂದೆ ನಮ್ಮ ಹೊನ್ನಾವರಕ್ಕೆ ಬಂದಾಗ ಹುಡುಗಿಯರ ಶಾಲೆ ಹದಿಮೂರು, ಹುಡುಗರದ್ದು ಇಪ್ಪತ್ಮೂರು ಎಂದು ಎಣಿಸಿ ಬರೆದಿಟ್ಟ. ಎಣಿಸುವ ಚಟ ಅವನಿಗೆ ದಮಾಸ್ಕಸ್ಸಿನಲ್ಲೇ ಅಂಟಿತೋ ಏನೋ.

ಇನ್ನು ಮೀಟಿಂಗು. ರಿವ್ಯೂ ಮಾಡುವ ಮೇಡಂ ಹಾಳೆಯನ್ನು ಪರದೆಯ ಮೇಲೆ ಹಾಕಿ ಒಂದೇ ಪ್ರಶ್ನೆ ಕೇಳಿದರು: “ಈ ‘ಸಹೀಹ್’ ಬರೆದ ಕೈ ಯಾರದ್ದು?”

“ಝಬೀದಿಯದ್ದು ಮೇಡಂ.”

“ಪಟ್ಟಿ ಬರೆದದ್ದು?”

“ಹಾಜರಿ ಬರೆಯುವವನು.”

“ಪುಸ್ತಕದ ಪಠ್ಯ?”

ಉತ್ತರ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಅವರು ಮೂರನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟರು. ‘ಹಾ’ ಅಕ್ಷರದ ಬಾಲ ಮೂರರಲ್ಲೂ ಒಂದೇ ಕಡೆ ಬಾಗಿತ್ತು, ಶಾಯಿ ಒಂದೇ, ಲೇಖನಿಯ ದಪ್ಪ ಒಂದೇ. ನಿಜವಾದ ಸಮಾದಲ್ಲಿ ಗುರುವಿನ ‘ಸಹೀಹ್’ ಬೇರೆ ಕೈ, ಬಹಳ ಸಲ ಮುದುಕರ ನಡುಗುವ ಕೈ. ಇಲ್ಲಿ ಹದಿನೈದು ಸಾಲೂ ಮುದ್ದಾಗಿ ಸಾಲುಗಟ್ಟಿದ್ದವು. ಅಂದರೆ ಲಿಪಿಕಾರ ತನ್ನ ಮೂಲಪ್ರತಿಯಲ್ಲಿದ್ದ ಸಮಾವನ್ನು, ರುಜು ಸಮೇತ, ನಕಲು ಮಾಡಿದ್ದ. ಅದು ಮೋಸವಲ್ಲ, ತನ್ನ ಪ್ರತಿ ಎಂಥ ಪ್ರತಿಯಿಂದ ಇಳಿದದ್ದು ಎಂದು ತೋರಿಸುವ ರೂಢಿ. ಮೇಲೆ ಮೂಲೆಯಲ್ಲಿ ‘ನುಕಿಲ’, ‘ನಕಲು ಮಾಡಲಾಗಿದೆ’, ಎಂದು ಪ್ರಾಮಾಣಿಕವಾಗಿ ಬರೆದೂ ಇದ್ದ. ಅಕ್ಷರಗಳಿಗೆ ಚುಕ್ಕೆ ಹಾಕಿರಲಿಲ್ಲ. ನಾನು ಅದನ್ನು ಗೀಚು ಎಂದು ದಾಟಿಹೋಗಿದ್ದೆ.

ಅಷ್ಟಕ್ಕೇ ಬಿಡಲಿಲ್ಲ. ಹಿಂದಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರಗಳ ಫೋಲ್ಡರ್ ತೆರೆದರು. ನಾನು ಅದನ್ನು ಮುಟ್ಟಿರಲೇ ಇಲ್ಲ. ಕಾಗದದೊಳಗೆ ನೀರಚ್ಚು ಎದ್ದು ಕಾಣುತ್ತಿತ್ತು. ನೀರಚ್ಚಿನ ಕಾಗದ ಇಟಲಿಯಲ್ಲಿ ಮೊದಲು ಕಾಣುವುದೇ 1282ರಲ್ಲಿ. 1233ರ ಪುಸ್ತಕದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಒಂದು ಕ್ಲಿಕ್ಕಿನ ಕೆಲಸವಾಗಿತ್ತು.

ಈಗ ಸಮಾ ಸಿಕ್ಕರೆ ಮೊದಲು ಕೈಗಳನ್ನು ಎಣಿಸುತ್ತೇನೆ, ಆಮೇಲೆ ಕಾಗದ, ವರ್ಷ ಕೊನೆಗೆ. ವರ್ಷವನ್ನೂ ಎರಡು ಸಲ ಓದುತ್ತೇನೆ, ಏಕೆಂದರೆ ಇವರು ಇಸವಿಯನ್ನು ಅಕ್ಷರದಲ್ಲಿ ಬರೆಯುತ್ತಾರೆ, ಚುಕ್ಕೆ ಬಿಟ್ಟರೆ ‘ಸಬ್ಅ’ ಮತ್ತು ‘ತಿಸ್ಅ’, ಏಳು ಮತ್ತು ಒಂಬತ್ತು, ಒಂದೇ ರೂಪ. ಅಂಥಲ್ಲಿ ಗುರು ಸತ್ತ ವರ್ಷ ನೋಡಿಯೇ ತೀರ್ಮಾನಿಸಬೇಕು. ಆ ಸಂಪುಟದ ದಾಖಲೆ ಈಗ ಹೀಗಿದೆ: ಪ್ರತಿಯ ಕಾಲ 1282ರ ನಂತರ, ಹಿಜರಿ 630ರ ಸಮಾದ ನಕಲು ಇದೆ, ಗುರು ಝಬೀದಿ, ಸ್ಥಳ ಕಾಸಿಯೂನ್. ‘ಸಂಸ್ಥೆ’ ಕಾಲಂ ಇನ್ನೂ ಕಡ್ಡಾಯವೇ. ಟಿಕೆಟ್ ಹಾಕಿ ತಿಂಗಳುಗಳಾದವು. ಸದ್ಯಕ್ಕೆ ಅಲ್ಲಿ ಒಂದು ಅಡ್ಡಗೆರೆ ಹಾಕಿ ಮುಂದೆ ಹೋಗುತ್ತಿದ್ದೇನೆ.